ಪ್ರೊಫೆಸರಿಗೆ ಇಂಟರ್ನ್‌ಶಿಪ್ ಮೇಲ್: ಏನು ಬರೆಯಬೇಕು, ಏನು ಬಿಡಬೇಕು

ಪ್ರಶ್ನೆ: "ಮಗಳು ಶಿರಸಿಯಲ್ಲಿ ಬಿ.ಎಸ್ಸಿ ಎರಡನೇ ವರ್ಷ. ರಜೆಯಲ್ಲಿ ಅಡಿಕೆ ಎಲೆಚುಕ್ಕಿ ರೋಗದ ಲ್ಯಾಬಿಗೆ ಹೋಗಬೇಕಂತೆ. ಪರಿಚಯ ಇಲ್ಲದ ಪ್ರೊಫೆಸರಿಗೆ ಮೇಲ್ ಹೇಗೆ ಬರೆಯುವುದು? ಕಲಿತ ಸಬ್ಜೆಕ್ಟ್ ಎಲ್ಲ ಹಾಕಬೇಕಾ?"

ಎಲ್ಲ ಬೇಡ ಅಕ್ಕಾ. ಎರಡು ಸಾಕು, ಅದೂ ಒಂದೇ ವಾಕ್ಯದಲ್ಲಿ. ನಾನು ಪಿಎಚ್‌ಡಿ ಮಾಡುವಾಗ ಗೈಡ್‌ಗೆ ಬರುವ ಇಂಥ ಮೇಲ್‌ಗಳನ್ನು ಮೊದಲು ನಾನೇ ನೋಡುತ್ತಿದ್ದೆ. "ನಿಮ್ಮ ಸಂಶೋಧನೆ ನನಗೆ ತುಂಬಾ ಇಷ್ಟ" ಅಂತ ಬರೆದು, ಯಾವ ಸಂಶೋಧನೆ ಅಂತ ಹೇಳದಿದ್ದರೆ ಅದು ಹತ್ತು ಕಡೆ ಹೋದ ಮೇಲ್ ಅಂತ ಆಗಲೇ ತಿಳಿಯುತ್ತಿತ್ತು.

ಒಂದೇ ಮೇಲನ್ನು ಇಪ್ಪತ್ತು ಜನಕ್ಕೆ ಕಳಿಸಿ ಅಂತ ಕೆಲವರು ಹೇಳುತ್ತಾರೆ. ಹಲವರಿಗೆ ಬರೆಯಬೇಕು ಅನ್ನೋದು ಸರಿ, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ.

ಮಗಳು ಮೊದಲು ಅವರ ಇತ್ತೀಚಿನ ಒಂದು ಪೇಪರ್ ಓದಲಿ. ಪೂರ್ತಿ ಅರ್ಥವಾಗದಿದ್ದರೂ ಏನು ಮಾಡಿದರು, ಹೇಗೆ ಮಾಡಿದರು ಅನ್ನೋದು ತಿಳಿದರೆ ಸಾಕು. ಆಮೇಲೆ ಮೇಲ್ ಇಂಗ್ಲಿಷಿನಲ್ಲಿ, ಸುಮಾರು ಹೀಗೆ:

"ನಾನು ಶಿರಸಿಯಲ್ಲಿ ಬಿ.ಎಸ್ಸಿ ಎರಡನೇ ವರ್ಷದ ವಿದ್ಯಾರ್ಥಿನಿ. ಅಡಿಕೆ ಎಲೆಚುಕ್ಕಿಯಿಂದ ಕೊಲೆಟೋಟ್ರೈಕಮ್ ಶಿಲೀಂಧ್ರ ಬೇರ್ಪಡಿಸಿದ ನಿಮ್ಮ ಪೇಪರ್ ಓದಿದೆ. ನಮ್ಮ ತೋಟದಲ್ಲಿ ಕೆಳಗಿನ ಸೋಗೆಗಳಲ್ಲೇ ಚುಕ್ಕಿ ಮೊದಲು ಕಾಣುತ್ತದೆ. ಮೇಲಿನ ಮತ್ತು ಕೆಳಗಿನ ಎಲೆಗಳಲ್ಲಿ ಒಂದೇ ಶಿಲೀಂಧ್ರ ಸಿಗುತ್ತದೆಯೇ ಎಂದು ನೋಡುವ ಆಸೆ. ಮೈಕ್ರೋಬಯಾಲಜಿ ಪ್ರಾಕ್ಟಿಕಲ್‌ನಲ್ಲಿ ಪಿಡಿಎ ಪ್ಲೇಟ್ ಹಾಕಿ ಶಿಲೀಂಧ್ರ ಬೆಳೆಸಿದ್ದೇನೆ, ಸ್ಟ್ಯಾಟಿಸ್ಟಿಕ್ಸ್ ಕೋರ್ಸ್ ಮುಗಿಸಿದ್ದೇನೆ. ಮೇ 15ರಿಂದ ಜುಲೈ 10ರವರೆಗೆ ಎಂಟು ವಾರ ಬರಬಲ್ಲೆ. ಒಂದು ಪುಟದ ರೆಸ್ಯೂಮೆ ಲಗತ್ತಿಸಿದ್ದೇನೆ."

ಇಷ್ಟೇ. ಫೋನಿನಲ್ಲಿ ಒಂದೆರಡು ಸಲ ಸ್ಕ್ರಾಲ್ ಮಾಡಿದರೆ ಮುಗಿಯಬೇಕು. ಸಬ್ಜೆಕ್ಟ್ ಲೈನಿನಲ್ಲೇ ಇಂಟರ್ನ್‌ಶಿಪ್, ತಿಂಗಳು, ಎಲೆಚುಕ್ಕಿ ಮೂರೂ ಬರಲಿ.

ಕೋರ್ಸಿನ ವಾಕ್ಯ ಗಮನಿಸಿ. "ಮೈಕ್ರೋಬಯಾಲಜಿ ಕಲಿತಿದ್ದೇನೆ" ಅಂದರೆ ಪ್ರೊಫೆಸರಿಗೆ ಏನೂ ತಿಳಿಯುವುದಿಲ್ಲ. ಪ್ಲೇಟ್ ಹಾಕಿದ್ದಾಳೆ ಅಂದರೆ ಮೊದಲ ವಾರ ಅದನ್ನೇ ಕಲಿಸುತ್ತ ಕೂರಬೇಕಿಲ್ಲ ಅಂತ ತಿಳಿಯುತ್ತದೆ. ಆದರೆ ನಿಜವಾಗಿ ಮಾಡಿದ್ದರೆ ಮಾತ್ರ ಬರೆಯಲಿ. ಫೋನ್ ಮಾಡಿ "ಮೀಡಿಯಾ ಎಷ್ಟು ಹೊತ್ತು ಆಟೋಕ್ಲೇವ್ ಮಾಡಿದೆ?" ಅಂತ ಕೇಳುತ್ತಾರೆ. 121 ಡಿಗ್ರಿಯಲ್ಲಿ 15 ನಿಮಿಷ ಅಂತ ತಡವರಿಸದೆ ಹೇಳಬೇಕು, ಅಲ್ವಾ? ಬರೇ ನೋಡಿದ್ದರೆ ನೋಡಿದ್ದೇನೆ ಅಂತಲೇ ಇರಲಿ. ಮಾರ್ಕ್ಸ್ ಕಾರ್ಡ್, ಎನ್‌ಎಸ್‌ಎಸ್ ಸರ್ಟಿಫಿಕೇಟ್ ಎಲ್ಲ ಕೇಳಿದಾಗ ಕಳಿಸಿದರಾಯ್ತು.

ಸ್ಟೈಪೆಂಡ್ ಮೊದಲ ಮೇಲಿನಲ್ಲೇ ಕೇಳಬೇಕಾ? ನಮ್ಮ ಗೈಡ್‌ಗೆ ಅದು ಹಿಡಿಸುತ್ತಿರಲಿಲ್ಲ. ಪಕ್ಕದ ಲ್ಯಾಬಿನ ಮೇಡಂ ಮಾತ್ರ ಮೊದಲೇ ಕೇಳುವುದೇ ಒಳ್ಳೆಯದು ಅನ್ನುತ್ತಿದ್ದರು. ಉಳಿಯಲು ನೆಂಟರ ಮನೆ ಇದ್ದರೆ ಅದನ್ನಂತೂ ಬರೆಯಿರಿ.

ಜನವರಿ, ಫೆಬ್ರವರಿಯಲ್ಲೇ ಕಳಿಸಲಿ. ಹತ್ತು ದಿನ ಉತ್ತರ ಬರದಿದ್ದರೆ ಅದೇ ಮೇಲಿಗೆ ಎರಡು ಸಾಲಿನ ರಿಪ್ಲೈ ಹಾಕಿ ಒಂದು ಸಲ ನೆನಪಿಸಲಿ. ಅದಕ್ಕೂ ಉತ್ತರ ಇಲ್ಲ ಅಂದರೆ ಮುಂದಿನ ಲ್ಯಾಬಿನ ಪೇಪರ್ ತೆಗೆದು ಓದಲಿ.