ಶ್ರೀಶೈಲ ಪಾದಯಾತ್ರೆಗೆ ರಜೆ ಕೇಳುವುದು ಹೇಗೆ?

ಬಾಗಲಕೋಟೆಯಿಂದ ಶ್ರೀಶೈಲಕ್ಕೆ ನಡೆದು ಹೋಗಬೇಕು, ಮೂರು ವಾರ ರಜೆ ಬೇಕು. ಮ್ಯಾನೇಜರ್ ಹೊರರಾಜ್ಯದವರು, ಈ ಪದ್ಧತಿ ಗೊತ್ತಿಲ್ಲ. ಹೇಗೆ ಬರೆಯಲಿ?

ಅವರಿಗೆ ಮೊದಲು ಅನಿಸುವುದು ‘ಬಸ್ಸಿನಲ್ಲಿ ಎರಡು ದಿನ ಸಾಲದಾ?’ ಎಂದೇ ಅಲ್ವಾ? ಅದಕ್ಕೇ ಮೊದಲು ಉತ್ತರ ಕೊಡಿ. 2026ರ ಯುಗಾದಿ ಮಾರ್ಚ್ 19ಕ್ಕೆ. ಆ ಲೆಕ್ಕದಲ್ಲಿ ಪತ್ರ ಹೀಗಿರಲಿ:

“ಸರ್, ನಮ್ಮ ಭಾಗದ ಭಕ್ತರು ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದೇ ಹೋಗುತ್ತಾರೆ. ನಡಿಗೆಯೇ ಸೇವೆ, ಹಾಗಾಗಿ ದಿನ ಕಡಿಮೆ ಮಾಡಲಾಗದು. ದಯವಿಟ್ಟು ಮಾರ್ಚ್ 2ರಿಂದ 20ರವರೆಗೆ ರಜೆ ಕೊಡಿ. ಬಸ್ಸಿಗೆ ವಾಪಸ್ ಬಂದು 23ಕ್ಕೆ ಹಾಜರಾಗುತ್ತೇನೆ.”

ವಾರಕ್ಕೆ ಐದು ದಿನ ಕೆಲಸವಿದ್ದರೆ ಇದು 15 ರಜೆ. ಯುಗಾದಿ ರಜೆ ಕಳೆದರೆ 14. ನಲ್ಲಮಲ ಕಾಡಿನಲ್ಲಿ ಫೋನ್ ಸರಿಯಾಗಿ ಸಿಗುವುದಿಲ್ಲ. ‘ದಿನಾ ಮೇಲ್ ನೋಡುತ್ತೇನೆ’ ಅಂತ ಸುಮ್ನೆ ಮಾತು ಕೊಡಬೇಡಿ, ಕೆಲಸ ನೋಡಿಕೊಳ್ಳುವವರ ಹೆಸರು ಬರೆಯಿರಿ. ಮಾರ್ಚ್ ಲೆಕ್ಕ ಮುಗಿಸುವ ತಿಂಗಳು, ಜನವರಿಯಲ್ಲೇ ಕೇಳಿ.