ಸಾಲನ್ನು 2ರಿಂದ ಭಾಗಿಸಿದ್ದೇ ತಪ್ಪು

“ಹಾಸನದಲ್ಲಿ ಎಂಎಸ್ಸಿ ಓದ್ತಿದ್ದೀನಿ. ಒಂದು ಅಬೇಲಿಯನ್ ಗ್ರೂಪಿನ ಜನಕಗಳು x, y, z; ಸಂಬಂಧಗಳು 2x+4y+6z=0, 4x+2y=0. ಗುಣಕಗಳ ಮಾತೃಕೆಯಲ್ಲಿ ಮೊದಲ ಸಾಲನ್ನು 2ರಿಂದ ಭಾಗಿಸಿ ಮಾಡಿದರೆ ℤ/6⊕ℤ ಬರುತ್ತೆ, ಉತ್ತರ ℤ/2⊕ℤ/6⊕ℤ ಅಂತಿದೆ. ಯಾಕೆ ಸರ್?”

ಪೂರ್ಣಾಂಕಗಳಲ್ಲಿ 2ಕ್ಕೆ ವಿಲೋಮವಿಲ್ಲ, ಹಾಗಾಗಿ ಆ ಭಾಗಾಕಾರ ಸಲ್ಲದು. ನಿಮ್ಮ ಮೊದಲ ಸಂಬಂಧ ಹೇಳುವುದು 2(x+2y+3z)=0 ಎಂದಷ್ಟೇ. ಭಾಗಿಸಿದಾಗ ನೀವು x+2y+3z=0 ಎಂಬ ಹೊಸ ಸಂಬಂಧವನ್ನೇ ಹೇರಿದಿರಿ; ℤ/2 ಕಳೆದುಹೋದದ್ದು ಅಲ್ಲೇ. ಸಾಲುಗಳನ್ನು ಅದಲುಬದಲು ಮಾಡಬಹುದು, −1ರಿಂದ ಗುಣಿಸಬಹುದು, ಒಂದರ ಪೂರ್ಣಾಂಕ ಗುಣಕವನ್ನು ಇನ್ನೊಂದಕ್ಕೆ ಕೂಡಿಸಬಹುದು. ಅಷ್ಟೇ. ಕಂಬಸಾಲುಗಳಿಗೂ ಇದೇ ನಿಯಮ.

ಈಗ ಮಾಡಿ ನೋಡಿ. ಎರಡನೇ ಕಂಬಸಾಲಿನಿಂದ ಮೊದಲನೆಯದರ 2ರಷ್ಟು, ಮೂರನೆಯದರಿಂದ 3ರಷ್ಟು ಕಳೆಯಿರಿ: (2,0,0), (4,−6,−12). ಎರಡನೇ ಅಡ್ಡಸಾಲಿನಿಂದ ಮೊದಲನೆಯದರ 2ರಷ್ಟು ಕಳೆದರೆ 4 ಹೋಗುತ್ತದೆ. ಮೂರನೇ ಕಂಬಸಾಲಿನಿಂದ ಎರಡನೆಯದರ 2ರಷ್ಟು ಕಳೆದರೆ −12 ಹೋಗುತ್ತದೆ. ಚಿಹ್ನೆ ಬದಲಿಸಿದರೆ ಕರ್ಣದಲ್ಲಿ 2, 6. 2 ಎಂಬುದು 6ನ್ನು ಭಾಗಿಸುತ್ತದೆ, ಆದ್ದರಿಂದ ಇಲ್ಲಿಗೆ ನಿಲ್ಲಿಸಬಹುದು. ಸೊನ್ನೆಯಾಗಿ ಉಳಿದ ಕಂಬಸಾಲೇ ℤ.

ಕಂಬಸಾಲಿನ ಕ್ರಿಯೆ ಎಂದರೆ ಜನಕಗಳ ಬದಲಾವಣೆ. ಇಲ್ಲಿ ಹೊಸ ಜನಕಗಳು u=x+2y+3z, v=y+2z, z; ಸಂಬಂಧಗಳು 2u=0, 6v=0.

ತಾಳೆ ನೋಡಲು: ಎಲ್ಲ ನಮೂದುಗಳ ಮ.ಸಾ.ಅ. 2. 2×2 ಮೈನರ್‌ಗಳು −12, −24, −12, ಅವುಗಳ ಮ.ಸಾ.ಅ. 12, ಮತ್ತು 12/2=6. ನೀವು ಭಾಗಿಸಿದ ಮಾತೃಕೆಯಲ್ಲಿ ನಮೂದುಗಳ ಮ.ಸಾ.ಅ. 1 ಆಗಿಬಿಡುತ್ತದೆ, ತಪ್ಪು ಅಲ್ಲೇ ಕಾಣುತ್ತದೆ.