‘ಅವನಿಗೆ ಹೇಗೆ ಹೇಳಲಿ ಮೇಡಂ?’

(ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.)

ಆನ್‌ಲೈನ್ ಜೂಜಿನಲ್ಲಿ ದುಡ್ಡು ಕಳೆದುಕೊಂಡು ನನ್ನ ಬಳಿ ಸಲಹೆಗೆ ಬರುವವರ ಕಥೆ ಒಂದೊಂದೂ ಬೇರೆ. ಆದರೆ ಅಲ್ಲಿ ‘ವಿಐಪಿ’, ಅಂದರೆ ಹೆಚ್ಚು ಆಡಿ ಕಂಪನಿಯ ವಿಶೇಷ ಗಿರಾಕಿ ಆಗಿದ್ದವರ ಕಥೆ ಹೆಚ್ಚುಕಡಿಮೆ ಒಂದೇ. ಮೆಸೇಜುಗಳು ಒಂದೇ ಥರ, ಸಿಕ್ಕಿಬೀಳುವ ಜಾಗವೂ ಒಂದೇ. ಅದಕ್ಕೇ ಬರೆಯುತ್ತಿದ್ದೇನೆ.

ಅಂಥವರಲ್ಲಿ ಒಬ್ಬರು ಇವರು. ನಲವತ್ತರ ಆಸುಪಾಸು. ಲೆಕ್ಕಪತ್ರ ನೋಡುವ ಕೆಲಸ. ಸಾಲದ ವಿಷಯ ಹೆಂಡತಿಗೆ ಹೇಳಿಯಾಗಿತ್ತು, ಅತ್ತಿದ್ದೂ ಆಗಿತ್ತು. ಆಡುವುದನ್ನು ಬಿಡುತ್ತೇನೆ ಎಂದೇ ಬಂದಿದ್ದರು. ಖಾತೆ ಮುಚ್ಚುವ ಮಾತು ಬಂದಾಗ ಮಾತ್ರ ತಡವರಿಸಿದರು. “ಎಲ್ಲಾ ಸರಿ ಮೇಡಂ, ಆದ್ರೆ ಅವನಿಗೆ ಹೇಗೆ ಹೇಳಲಿ? ತುಂಬಾ ಬೇಜಾರು ಮಾಡ್ಕೋತಾನೆ.”

‘ಅವನು’ ಅಂದರೆ ಅಕೌಂಟ್ ಮ್ಯಾನೇಜರ್. ಇವರು ವಿಐಪಿ ಯೋಜನೆಯ ಪ್ಲಾಟಿನಮ್ ಹಂತಕ್ಕೆ ಏರಿದಾಗ ಕಂಪನಿ ನೇಮಿಸಿದ ಹುಡುಗ. ಹುಟ್ಟುಹಬ್ಬಕ್ಕೆ ಶುಭಾಶಯ, ಮಗನ ಪರೀಕ್ಷೆ ಹೇಗಾಯಿತು ಎಂಬ ವಿಚಾರಣೆ, ಸೋತ ಮರುದಿನ ಸಮಾಧಾನದ ಮಾತು. ಮುಖ ನೋಡಿದ್ದೇ ಇಲ್ಲ. ಹೆಂಡತಿಗೆ ಸಾಲದ ವಿಷಯ ಹೇಳಲು ಧೈರ್ಯ ಮಾಡಿದ ಮನುಷ್ಯ, ಈ ಹುಡುಗನಿಗೆ ‘ಇನ್ನು ಆಡಲ್ಲ’ ಎನ್ನಲು ಹಿಂಜರಿಯುತ್ತಿದ್ದರು.

ಆ ದಿನ ಬೇರೆ ಏನನ್ನೂ ಮಾತಾಡಲಿಲ್ಲ. ಅವರ ಫೋನಿನ ವಾಟ್ಸಾಪ್ ಚಾಟನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಅಕ್ಕಪಕ್ಕ ಇಟ್ಟುಕೊಂಡೆವು. ಒಂದು ಹಾಳೆಯಲ್ಲಿ ಎರಡು ಸಾಲು: ಮ್ಯಾನೇಜರ್ ಮೆಸೇಜು ಬಂದ ದಿನ, ಇವರು ದುಡ್ಡು ಹಾಕಿದ ದಿನ. ನಾನು ತಾರೀಖು ಓದಿದೆ, ಅವರು ಬರೆದುಕೊಂಡರು.

ಅರ್ಧ ಹಾಳೆ ತುಂಬುವ ಹೊತ್ತಿಗೆ ಅವರ ಪೆನ್ನು ನಿಧಾನವಾಯಿತು. ಇವರು ದಿನಾ ಆಡುತ್ತಿದ್ದಾಗ ಹುಡುಗ ಸುಮ್ಮನಿರುತ್ತಿದ್ದ. ಮೂರ್ನಾಲ್ಕು ದಿನ ಲಾಗಿನ್ ಆಗದಿದ್ದರೆ ‘ಸರ್, ಆರೋಗ್ಯ ತಾನೇ?’ ಎಂದು ಬರುತ್ತಿತ್ತು. ಅದರ ಬೆನ್ನಿಗೇ ಒಂದು ಬೋನಸ್. ಒಮ್ಮೆ ಇವರು ಗೆದ್ದ ದುಡ್ಡನ್ನು ಬ್ಯಾಂಕಿಗೆ ಹಿಂತೆಗೆಯಲು ಕೋರಿಕೆ ಹಾಕಿದ್ದರು. ಅದು ಇನ್ನೂ ‘ಪೆಂಡಿಂಗ್’ ಇರುವಾಗಲೇ ಮೆಸೇಜು ಬಂತು: ಕ್ಯಾನ್ಸಲ್ ಮಾಡಿದರೆ ವಿಶೇಷ ಬೋನಸ್ ಕೊಡಿಸುತ್ತೇನೆ. ಇವರು ಕ್ಯಾನ್ಸಲ್ ಮಾಡಿದರು. ಬೆಳಗಾಗುವುದರೊಳಗೆ ಅಷ್ಟೂ ಹೋಗಿತ್ತು. ಮಗನ ಪರೀಕ್ಷೆಯ ಬಗ್ಗೆ ಕೇಳಿದ್ದೂ ಇವರು ಐದು ದಿನ ಆ ಕಡೆ ತಲೆಹಾಕದೇ ಇದ್ದಾಗಲೇ.

“ಅವನಿಗೆ ನಾನು ಲಾಗಿನ್ ಆಗಿಲ್ಲ ಅಂತ ಗೊತ್ತಾಗುತ್ತಾ?” ಎಂದರು. ಗೊತ್ತಾಗುತ್ತದೆ. ಯಾವ ಗಿರಾಕಿ ಎಷ್ಟು ದಿನದಿಂದ ಬಂದಿಲ್ಲ, ಎಷ್ಟು ಸೋತಿದ್ದಾನೆ, ಯಾವ ಹೊತ್ತಿಗೆ ಆಡುತ್ತಾನೆ, ಎಲ್ಲ ಕಂಪನಿಯ ಪರದೆಯ ಮೇಲೆ ಇರುತ್ತದೆ. ಹುಡುಗ ಕೆಟ್ಟವನು ಎಂದು ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಬಿಟ್ಟುಹೋಗುವವರನ್ನು ವಾಪಸ್ ತರುವುದೇ ಅವನ ಕೆಲಸ. ಅವನಿಗೆ ಕೊಟ್ಟ ಪಟ್ಟಿಯಲ್ಲಿ ಇವರದೂ ಒಂದು ಹೆಸರು.

ಹಂತ ಏರಿಸುವ ಪಾಯಿಂಟಿನ ಲೆಕ್ಕವನ್ನು ಅವರೇ ತೆಗೆದರು, ಲೆಕ್ಕದವರಲ್ವಾ. ಆ ಆ್ಯಪ್‌ನಲ್ಲಿ 100ರಷ್ಟು ದುಡ್ಡು ಬೆಟ್ ಮಾಡಿದರೆ 1 ಪಾಯಿಂಟ್. 100 ಪಾಯಿಂಟ್ ಕೊಟ್ಟರೆ 10 ವಾಪಸ್. ಪ್ಲಾಟಿನಮ್ ಉಳಿಸಿಕೊಳ್ಳಲು ತಿಂಗಳಿಗೆ 2,000 ಪಾಯಿಂಟ್ ಬೇಕು, ಅಂದರೆ 2,00,000ದಷ್ಟು ಬೆಟ್. ಇವರು ಆಡುತ್ತಿದ್ದ ಸ್ಲಾಟ್ ಆಟದ ವಿವರದಲ್ಲೇ ಆಟಗಾರನಿಗೆ ಮರಳುವುದು ಸರಾಸರಿ 96% ಎಂದು ಬರೆದಿತ್ತು. ಉಳಿದ 4% ಕಂಪನಿಯದು. 2,00,000ಕ್ಕೆ 8,000. ಪಾಯಿಂಟಿನಿಂದ ಬರುವುದು 200. ಅವರು ಹಾಳೆಯ ಮೇಲೆ 8,000 ಮತ್ತು 200 ಎರಡನ್ನೂ ಒಂದರ ಕೆಳಗೊಂದು ಬರೆದು ಸುಮ್ಮನೆ ನೋಡುತ್ತಾ ಕೂತರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಪಾಯಿಂಟ್ ಸಿಗುವುದು ಜೇಬಿನಿಂದ ಹಾಕಿದ ದುಡ್ಡಿಗಲ್ಲ, ಬೆಟ್‌ಗಳ ಒಟ್ಟು ಮೊತ್ತಕ್ಕೆ. ಗೆದ್ದದ್ದನ್ನು ಮತ್ತೆ ಬೆಟ್ ಮಾಡಿದರೂ ಪಾಯಿಂಟ್ ಏರುತ್ತದೆ. ಆದ್ದರಿಂದ ಗೆದ್ದು ಎದ್ದುಹೋಗುವವನಿಗೆ ಈ ಯೋಜನೆಯಲ್ಲಿ ಏನೂ ಇಲ್ಲ. ತಿರುಗಿಸಿ ತಿರುಗಿಸಿ ಆಡುವವನೇ ಮೇಲಿನ ಹಂತಕ್ಕೆ ಹೋಗುತ್ತಾನೆ. ತಿಂಗಳ ಕೊನೆಗೆ ಪರದೆಯಲ್ಲಿ ಒಂದು ಪಟ್ಟಿ ಕಾಣುತ್ತದೆ: ‘ಪ್ಲಾಟಿನಮ್ ಉಳಿಸಿಕೊಳ್ಳಲು ಇನ್ನು 340 ಪಾಯಿಂಟ್, 2 ದಿನ ಬಾಕಿ.’ ಇವರ ದೊಡ್ಡ ಡಿಪಾಸಿಟ್‌ಗಳಲ್ಲಿ ಬಹಳಷ್ಟು ಆ ಕೊನೆಯ ಎರಡು ಮೂರು ದಿನಗಳಲ್ಲೇ ಆಗಿದ್ದವು. ಗೆಲ್ಲುವ ಆಸೆಗಿಂತ, ಕೆಳಗಿಳಿಯುವ ಭಯವೇ ಜಾಸ್ತಿ ಆಡಿಸಿತ್ತು.

ನನ್ನ ಸಲಹೆ ಹೀಗಿತ್ತು. ಮ್ಯಾನೇಜರ್‌ಗೆ ಏನೂ ಹೇಳಬೇಡಿ. ವಿದಾಯವೂ ಬೇಡ, ಕಾರಣವೂ ಬೇಡ. ಖಾತೆಯಲ್ಲಿ ದುಡ್ಡು ಉಳಿದಿದ್ದರೆ ಮೊದಲು ಹಿಂತೆಗೆಯಿರಿ. ಪಾಯಿಂಟ್ ಹಾಳಾದರೆ ಹಾಳಾಗಲಿ, ಅದನ್ನು ಖಾಲಿ ಮಾಡಲು ಇನ್ನೊಂದು ಸಲ ಆಡಬೇಡಿ. ‘ಬ್ರೇಕ್’ ಒತ್ತಬೇಡಿ, ನೀವೇ ಕೇಳಿಕೊಂಡು ದೀರ್ಘಕಾಲ ಆಟದಿಂದ ಹೊರಗುಳಿಯುವ ಸೆಲ್ಫ್ ಎಕ್ಸ್‌ಕ್ಲೂಶನ್ ಆಯ್ಕೆ ಮಾಡಿ. ಬ್ರೇಕ್ ಕೆಲವೇ ದಿನ ಅಥವಾ ವಾರಗಳದ್ದು, ಮುಗಿದ ಕೂಡಲೇ ಸ್ವಾಗತದ ಬೋನಸ್ ಬರಬಹುದು. ಜೂಜು ನಿಯಂತ್ರಣ ತಪ್ಪಿದೆ, ಖಾತೆ ಮುಚ್ಚಿ, ಪ್ರಚಾರದ ಮೆಸೇಜು ಕಳಿಸಬೇಡಿ ಎಂದು ಸಪೋರ್ಟ್ ವಿಳಾಸಕ್ಕೆ ಇಮೇಲ್ ಮಾಡಿ, ಪ್ರತಿ ಇಟ್ಟುಕೊಳ್ಳಿ. ‘ಬೇರೆ ಕೆಲಸ ಬಂತು’ ಎಂಬಂಥ ಕಾರಣ ಬರೆದರೆ ಅವರ ದಾಖಲೆಯಲ್ಲಿ ನೀವು ವಾಪಸ್ ಕರೆಯಬಹುದಾದ ಗಿರಾಕಿಯಾಗಿಯೇ ಉಳಿಯುತ್ತೀರಿ. ಆಮೇಲೆ ಆ ನಂಬರ್ ಬ್ಲಾಕ್ ಮಾಡಿ. ಬ್ಯಾಂಕಿನಲ್ಲಿ ಜೂಜಿನ ಪಾವತಿ ತಡೆಯುವ ಸೌಲಭ್ಯವಿದ್ದರೆ ಹಾಕಿಸಿ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಒಂದೇ ಏಟಿಗೆ ಕಡಿದುಕೊಳ್ಳುವ ಬದಲು ನಿಧಾನವಾಗಿ ಕಡಿಮೆ ಮಾಡಿಸಬಹುದಿತ್ತು, ಸಂಬಂಧವನ್ನು ಗೌರವದಿಂದ ಮುಗಿಸುವುದನ್ನೂ ಕಲಿಸಬಹುದಿತ್ತು ಎಂದರು. ಬೇರೆ ಪ್ರಕರಣಗಳಲ್ಲಿ ನಾನೂ ಹಾಗೆ ಮಾಡುತ್ತೇನೆ. ಇಲ್ಲಿ ಆಗುವುದಿಲ್ಲ. ತಿಂಗಳ ಗುರಿ ಇರುವ ಯೋಜನೆಯಲ್ಲಿ ಆಟ ಕಡಿಮೆಯಾದ ಕೂಡಲೇ ಎಚ್ಚರಿಕೆ, ಬೋನಸ್, ಫೋನ್ ಕರೆ ಶುರುವಾಗುತ್ತವೆ. ಅಂದರೆ ನಿಧಾನ ಮಾಡಿದಷ್ಟೂ ಎಳೆತ ಜೋರಾಗುತ್ತದೆ. ಗೌರವದ ವಿದಾಯವಂತೂ ಅವನಿಗೆ ಇನ್ನೊಂದು ಮಾತುಕತೆಯ ಅವಕಾಶ.

ಇದು ನನ್ನೊಬ್ಬಳ ಅತಿರೇಕದ ಅನುಮಾನವಲ್ಲ. ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ 2020ರಲ್ಲೇ ವಿಐಪಿ ಯೋಜನೆಗಳಿಗೆ ಬಿಗಿ ನಿಯಮ ತಂದಿತು. ಯಾರನ್ನೇ ವಿಐಪಿ ಮಾಡುವ ಮೊದಲು ಅಷ್ಟು ಖರ್ಚು ಅವರಿಗೆ ತಾಳುತ್ತದೆಯೇ, ಜೂಜಿನಿಂದ ತೊಂದರೆಯಾಗುತ್ತಿರುವ ಲಕ್ಷಣ ಇದೆಯೇ ಎಂದು ಕಂಪನಿ ನೋಡಬೇಕು. ಯೋಜನೆಗೆ ಒಬ್ಬ ಹಿರಿಯ ಅಧಿಕಾರಿ ಹೊಣೆಯಾಗಬೇಕು. ಇವರ ಚಾಟನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಮಗನ ಪರೀಕ್ಷೆ ಕೇಳಿದ ಮ್ಯಾನೇಜರ್ ಸಂಬಳ ಎಷ್ಟು, ದುಡ್ಡು ಎಲ್ಲಿಂದ ಬರುತ್ತಿದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಇಮೇಲನ್ನು ನನ್ನ ಎದುರೇ ಕಳಿಸಿದರು. ಕಳಿಸುವ ಮೊದಲು ಕೊನೆಯಲ್ಲಿ ‘ಮ್ಯಾನೇಜರ್ ತುಂಬಾ ಸಹಾಯ ಮಾಡಿದ್ದಾರೆ, ಅವರದೇನೂ ತಪ್ಪಿಲ್ಲ’ ಎಂದು ಸೇರಿಸಿದ್ದರು. ಅಳಿಸಿ ಎಂದೆ. ಸ್ವಲ್ಪ ಹೊತ್ತು ವಾದ ಮಾಡಿ ಅಳಿಸಿದರು.

ಕೆಲವು ತಿಂಗಳ ಮೇಲೆ ಅವರಿಗೆ ಬೇರೆ ನಂಬರಿನಿಂದ ಮೆಸೇಜು ಬಂತು. ಅದೇ ಹುಡುಗ, ಈಗ ಇನ್ನೊಂದು ಕಂಪನಿಯಲ್ಲಿ. ‘ಸರ್, ಇಲ್ಲಿ ನಿಮ್ಮನ್ನು ನೇರವಾಗಿ ಪ್ಲಾಟಿನಮ್‌ಗೇ ಸೇರಿಸ್ತೀನಿ’ ಎಂದು ಲಿಂಕ್ ಕಳಿಸಿದ್ದ. ಸೆಲ್ಫ್ ಎಕ್ಸ್‌ಕ್ಲೂಶನ್ ಒಂದು ಕಂಪನಿಗೆ ಮಾತ್ರ ಸೀಮಿತವಾಗಿದ್ದರೆ ಇದನ್ನು ತಡೆಯುವುದಿಲ್ಲ. ಇದನ್ನು ಅವರಿಗೆ ಮೊದಲೇ ಹೇಳಿದ್ದೆ. ಲಿಂಕ್ ತೆರೆಯದೆ ಸ್ಕ್ರೀನ್‌ಶಾಟ್ ತೆಗೆದು ನನಗೂ ಹೆಂಡತಿಗೂ ಕಳಿಸಿ, ಆ ನಂಬರನ್ನೂ ಬ್ಲಾಕ್ ಮಾಡಿದರು. ಸಾಲದ ಕಂತು ಇನ್ನೂ ನಡೆಯುತ್ತಿದೆ.